ಎನ್‌ಪಿವಿ ಒಂದು ಹೇಳ್ತದೆ, ಐಆರ್‌ಆರ್ ಇನ್ನೊಂದು: ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?

ಪಲ್ಲವಿ_ಶಿರಸಿ
ಎಲ್ಲರಿಗೂ ನಮಸ್ಕಾರ. ಎಂ.ಕಾಂ. ಓದ್ತಾ ಇದ್ದೇನೆ. ಹಳೇ ಪ್ರಶ್ನೆಪತ್ರಿಕೆಯ ಒಂದು ಲೆಕ್ಕದ ಮೇಲೆ ನಮ್ಮ ರೂಮಿನಲ್ಲಿ ದೊಡ್ಡ ಜಗಳ ಆಗಿದೆ.

ಒಂದು ಕಂಪನಿಗೆ ಎ, ಬಿ ಅಂತ ಎರಡು ಯಂತ್ರಗಳ ಆಯ್ಕೆ ಇದೆ. ಯಾವುದಾದರೂ ಒಂದನ್ನು ಮಾತ್ರ ತೆಗೆದುಕೊಳ್ಳಬಹುದು. ಎರಡರ ಬೆಲೆಯೂ 10 ಲಕ್ಷ. ಬಂಡವಾಳದ ವೆಚ್ಚ ಶೇ. 10. ಮೂರು ವರ್ಷ ಬರುವ ಹಣ ಹೀಗಿದೆ:

ಎ: 7 ಲಕ್ಷ, 4 ಲಕ್ಷ, 2 ಲಕ್ಷ
ಬಿ: 1 ಲಕ್ಷ, 4 ಲಕ್ಷ, 10 ಲಕ್ಷ

ಮುಂದೆ ಬರುವ ಹಣವನ್ನೆಲ್ಲ ಶೇ. 10ರಂತೆ ಇವತ್ತಿನ ಬೆಲೆಗೆ ಇಳಿಸಿ, ಹಾಕಿದ 10 ಲಕ್ಷ ಕಳೆದರೆ ಉಳಿಯೋದು ಎನ್‌ಪಿವಿ. ಡಿಸ್ಕೌಂಟ್ ಟೇಬಲ್ ನೋಡಿ ಮಾಡಿದಾಗ ಎ ಯದ್ದು 1,16,900, ಬಿ ಯದ್ದು 1,72,300. ಅಂದ್ರೆ ಬಿ ಮೇಲು. ಆದರೆ ಎನ್‌ಪಿವಿ ಸೊನ್ನೆ ಆಗುವ ದರ, ಅಂದ್ರೆ ಐಆರ್‌ಆರ್ ತೆಗೆದರೆ ಎ ಗೆ ಶೇ. 18.15, ಬಿ ಗೆ ಶೇ. 17.09. ಅಂದ್ರೆ ಎ ಮೇಲು! ಕೊನೆಯ ಸಾಲಿನಲ್ಲಿ "ಯಾವುದನ್ನು ಶಿಫಾರಸು ಮಾಡುತ್ತೀರಿ, ಕಾರಣ ಕೊಡಿ" ಅಂತ ಇದೆ. ನನ್ನ ಗೆಳತಿ ಶೇಕಡಾ ಜಾಸ್ತಿ ಇರೋದೇ ಸರಿ ಅಂತಾಳೆ. ನಾನು ಬಿ ಅಂತೀನಿ. ಆದರೆ ಯಾಕೆ ಅಂತ ಕೇಳಿದರೆ "ಪುಸ್ತಕದಲ್ಲಿ ಹಾಗಿದೆ" ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ.

ತೋಟದಮನೆ
ಎರಡರಲ್ಲೂ ಲಾಭ ಇದೆಯಲ್ಲ ತಂಗಿ, ಎರಡನ್ನೂ ತಗೊಳ್ಳಲಿ ಬಿಡು. ನಮ್ಮ ತೋಟದಲ್ಲಿ ಅಡಿಕೆ ಇದೆ, ನಡುವೆ ಬಾಳೆ ಇದೆ, ಅಡಿಕೆ ಮರಕ್ಕೇ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಒಂದನ್ನೇ ಮಾಡು ಅಂತ ಯಾರೂ ಹೇಳಿಲ್ಲ.

ಕುಮಟಾ_ಕಾಮರ್ಸ್
ಮಾವ, ಪ್ರಶ್ನೆಯಲ್ಲೇ ಒಂದು ಮಾತ್ರ ಅಂತ ಇದೆ. ಎರಡೂ ಮಾಡಬಹುದಾದರೆ ಈ ಜಗಳವೇ ಇಲ್ಲ. ಎರಡರ ಎನ್‌ಪಿವಿಯೂ ಸೊನ್ನೆಗಿಂತ ಮೇಲಿದೆ, ಐಆರ್‌ಆರ್‌ಗಳೂ ಶೇ. 10ಕ್ಕಿಂತ ಮೇಲಿವೆ. ಎರಡು ವಿಧಾನವೂ "ತಗೋ" ಅಂತಲೇ ಹೇಳುತ್ತವೆ. ಒಂದೇ ಜಾಗದಲ್ಲಿ ಒಂದನ್ನೇ ಕೂರಿಸಬೇಕು ಅಂದಾಗ ಮಾತ್ರ ತಕರಾರು ಶುರು.

ಪಲ್ಲವಿ, ಉತ್ತರ ಸುಲಭ. ಐಆರ್‌ಆರ್ ವಿಧಾನ ಮಧ್ಯೆ ಬಂದ ಹಣವನ್ನೆಲ್ಲ ಮತ್ತೆ ಅದೇ ಶೇ. 18ಕ್ಕೆ ಹೂಡುತ್ತೇವೆ ಅಂತ ಅಂದುಕೊಳ್ಳುತ್ತದೆ. ಎನ್‌ಪಿವಿ ಶೇ. 10ಕ್ಕೆ ಹೂಡುತ್ತೇವೆ ಅನ್ನುತ್ತದೆ. ಎರಡನೆಯದೇ ವಾಸ್ತವ. ಆದ್ದರಿಂದ ಬಿ. ಇಷ್ಟು ಬರೆದರೆ ಪೂರ್ತಿ ಅಂಕ.

ತೋಟದಮನೆ
ಓ, ಹಂಗಾ. ನಾನು ಓದಿದ್ದು ಅರ್ಧ. ಮುಂದುವರಿಸಿ.

ನಾಯ್ಕ_ಅಂಕೋಲಾ
ನಾನು ಕಂಪ್ಯೂಟರಿನಲ್ಲಿ ಮಾಡಿದೆ. ಎ ಗೆ 1,06,550 ಬಂತು, ಬಿ ಗೆ 1,57,100ರ ಹತ್ತಿರ. ನಿಮ್ಮ 1,16,900 ತಪ್ಪು ಅನಿಸ್ತದೆ. ಟೇಬಲ್‌ನಲ್ಲಿ ಮೂರೇ ದಶಮಾಂಶ ಇರೋದ್ರಿಂದ ಹಾಗಾಗಿರಬೇಕು.

ಲೆಕ್ಕದ_ಮಾಸ್ತರು_ಕಾರವಾರ
ನಾಯ್ಕರೇ, ದಶಮಾಂಶದಿಂದ ಹತ್ತು ಸಾವಿರ ವ್ಯತ್ಯಾಸ ಬರುವುದಿಲ್ಲ. ಬಂದರೆ ಮುನ್ನೂರು, ಐನೂರು ರೂಪಾಯಿ. ನೀವು ಮೊದಲ ದಿನದ 10 ಲಕ್ಷವನ್ನೂ ಆವರಣದ ಒಳಗೆ ಸೇರಿಸಿದ್ದೀರಿ. ಆ ಫಂಕ್ಷನ್ ತನಗೆ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷ ಕಳೆದ ಮೇಲಿನದು ಅಂತ ತಿಳಿಯುತ್ತದೆ. ಹಾಗಾಗಿ ನಿಮ್ಮ ಇಡೀ ಉತ್ತರ 1.10ರಿಂದ ಭಾಗವಾಗಿದೆ. ಗುಣಿಸಿ ನೋಡಿ, 1,17,205 ಬರುತ್ತದೆ. ಹೀಗೆ ಬರೆಯಿರಿ:

```
=NPV(10%,B3:B5)+B2
=IRR(B2:B5)
```

B2ನಲ್ಲಿ −10,00,000 ಇರಲಿ. ಎರಡು ಯಂತ್ರಕ್ಕೂ ಒಂದೇ ತಪ್ಪು ಆಗಿದ್ದರಿಂದ ಕ್ರಮ ಬದಲಾಗಲಿಲ್ಲ, ಬಚಾವಾದಿರಿ.

ಈಗ ಪಲ್ಲವಿಯ ಪ್ರಶ್ನೆ. ಮರುಹೂಡಿಕೆಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಒಂದು ಸಣ್ಣ ಕೆಲಸ ಮಾಡಮ್ಮ. ಬಿ ಯ ಸಾಲಿನಿಂದ ಎ ಯ ಸಾಲನ್ನು ಕಳೆ. ಇವತ್ತು: ಸೊನ್ನೆ, ಯಾಕೆಂದರೆ ಎರಡರ ಬೆಲೆಯೂ ಒಂದೇ. ಮೊದಲ ವರ್ಷ: 6 ಲಕ್ಷ ಕಡಿಮೆ. ಎರಡನೇ ವರ್ಷ: ಸೊನ್ನೆ. ಮೂರನೇ ವರ್ಷ: 8 ಲಕ್ಷ ಹೆಚ್ಚು.

ಇಡೀ ಜಗಳ ಇಷ್ಟೇ. ಎ ಬಿಟ್ಟು ಬಿ ಹಿಡಿಯುವುದು ಅಂದ್ರೆ ಮೊದಲ ವರ್ಷದ ಕೊನೆಗೆ ಕೈಗೆ ಬರಬೇಕಿದ್ದ 6 ಲಕ್ಷ ಬಿಟ್ಟುಕೊಟ್ಟು, ಎರಡು ವರ್ಷ ಬಿಟ್ಟು 8 ಲಕ್ಷ ತೆಗೆದುಕೊಳ್ಳುವುದು. 8ನ್ನು 6ರಿಂದ ಭಾಗಿಸಿದರೆ 1.3333. ಎರಡು ವರ್ಷ ಆದ್ದರಿಂದ ಅದರ ವರ್ಗಮೂಲ: 1.1547. ಅಂದರೆ ಆ 6 ಲಕ್ಷ ವರ್ಷಕ್ಕೆ ಶೇ. 15.47 ದುಡಿಯುತ್ತದೆ. ಕಂಪನಿಗೆ ಹಣದ ಖರ್ಚು ಶೇ. 10. ಶೇ. 10ಕ್ಕೆ ಸಿಗುವ ಹಣ ಶೇ. 15.47 ದುಡಿಯುವಾಗ ಬೇಡ ಅನ್ನುವವರು ಯಾರು? ಅದಕ್ಕೇ ಬಿ.

ಗಮನಿಸು, ಇಲ್ಲಿ ನಾನು ಬಳಸಿದ್ದು ಐಆರ್‌ಆರನ್ನೇ. ಆದರೆ ಎರಡು ಯಂತ್ರಗಳ ವ್ಯತ್ಯಾಸದ ಮೇಲೆ. ಇರ್ವಿಂಗ್ ಫಿಶರ್ 1930ರಲ್ಲೇ ಈ ದರದ ಬಗ್ಗೆ ಬರೆದಿದ್ದ. ಈಗಲೂ ಕೆಲವರು ಇದನ್ನು ಫಿಶರ್ ದರ ಅಂತಲೇ ಕರೆಯುತ್ತಾರೆ.

ಪಲ್ಲವಿ_ಶಿರಸಿ
ಸರ್, ಇದು ಅರ್ಥ ಆಯ್ತು! ಟೇಬಲ್ ಕೂಡ ಬೇಡ. ಹಾಗಾದ್ರೆ 18.15, 17.09 ಅನ್ನೋ ಅಂಕಿಗಳಿಂದ ಉಪಯೋಗವೇ ಇಲ್ವಾ?

ಲೆಕ್ಕದ_ಮಾಸ್ತರು_ಕಾರವಾರ
ಇದೆ. ಎರಡು ಯಂತ್ರವೂ ತಮ್ಮ ಮಟ್ಟಿಗೆ ಯೋಗ್ಯ ಅಂತ ಅವು ಹೇಳುತ್ತವೆ. ಅಷ್ಟಕ್ಕೆ ಅವುಗಳ ಕೆಲಸ ಮುಗಿಯಿತು. ಒಂದರ ಪಕ್ಕ ಒಂದನ್ನು ನಿಲ್ಲಿಸಿ ಎತ್ತರ ಅಳೆಯುವುದಕ್ಕೆ ಅವು ಆಗುವುದಿಲ್ಲ.

ಅಘನಾಶಿನಿ_88
ಸರ್, ನಾನು ಎ ಯಿಂದ ಬಿ ಕಳೆದೆ. ಮೊದಲ ವರ್ಷ +6, ಮೂರನೇ ವರ್ಷ −8. ದರ ಅದೇ 15.47 ಬಂತು. 10ಕ್ಕಿಂತ ಜಾಸ್ತಿ ಇದೆ. ಹಾಗಾದ್ರೆ ಎ ತಗೋಬೇಕು ಅಂತ ಆಗಲ್ವಾ?? ತಲೆ ಕೆಟ್ಟಿತು.

ಲೆಕ್ಕದ_ಮಾಸ್ತರು_ಕಾರವಾರ
ಒಳ್ಳೆ ಪ್ರಶ್ನೆ, ಇಲ್ಲೇ ಬಹಳ ಮಂದಿ ಎಡವುತ್ತಾರೆ. ಮೊದಲು ಹಣ ಬಂದು ಆಮೇಲೆ ಹೋದರೆ ಅದು ಹೂಡಿಕೆ ಅಲ್ಲ, ಸಾಲ. ನೀನು 6 ಲಕ್ಷ ತೆಗೆದುಕೊಂಡು ಎರಡು ವರ್ಷಕ್ಕೆ 8 ಲಕ್ಷ ತೀರಿಸುತ್ತಿದ್ದೀಯ. ಅದು ಶೇ. 15.47ರ ಸಾಲ. ಬೇರೆ ಕಡೆ ಶೇ. 10ಕ್ಕೆ ಹಣ ಸಿಗುವಾಗ ಆ ಸಾಲ ಯಾಕೆ? ಸಾಲದ ದರ ಹೆಚ್ಚಿದ್ದರೆ ಅದನ್ನು ಬಿಡಬೇಕು. ಹಾಗಾಗಿ ಮತ್ತೆ ಬಿ ಗೇ ಬಂದೆವು. ಗೊಂದಲ ಬೇಡ ಅಂದ್ರೆ ಕಳೆಯುವಾಗ ಮೊದಲ ಅಂಕಿ ಋಣ ಬರುವಂತೆ ನೋಡಿಕೊ.

ಕುಮಟಾ_ಕಾಮರ್ಸ್
ಮಾಸ್ತರರೇ, ವ್ಯತ್ಯಾಸದ ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೆ ಮರುಹೂಡಿಕೆ ಬಗ್ಗೆ ನಾನು ಹೇಳಿದ್ದೂ ಅದೇ ಅಲ್ವಾ? ಎ ಯ 7 ಲಕ್ಷ ಬೇಗ ಬರುತ್ತದೆ. ಅದನ್ನು ಶೇ. 18ಕ್ಕೆ ಬೆಳೆಸಬಹುದು ಅಂದುಕೊಂಡರೆ ಎ ಗೆಲ್ಲುತ್ತದೆ, ಶೇ. 10ಕ್ಕೆ ಅಂದರೆ ಬಿ. ನಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟದ್ದೂ ಹೀಗೇ. ಲೆಕ್ಕ ಹಾಕಿ ತೋರಿಸ್ತೀನಿ. ಎಲ್ಲವನ್ನೂ ಮೂರನೇ ವರ್ಷದ ಕೊನೆಗೆ ಒಯ್ದರೆ, ಶೇ. 10ರಂತೆ ಎ ಯಿಂದ 14.87 ಲಕ್ಷ, ಬಿ ಯಿಂದ 15.61 ಲಕ್ಷ. ಶೇ. 18ರಂತೆ ಎ ಯಿಂದ 16.47 ಲಕ್ಷ, ಬಿ ಯಿಂದ 16.11 ಲಕ್ಷ. ನೋಡಿ, ಕ್ರಮ ತಿರುಗಿತು.

ಲೆಕ್ಕದ_ಮಾಸ್ತರು_ಕಾರವಾರ
ಅಂಕಿಗಳೆಲ್ಲ ಸರಿ. ನನ್ನ ತಕರಾರು "ಐಆರ್‌ಆರ್ ಅಂದುಕೊಳ್ಳುತ್ತದೆ" ಅನ್ನುವ ಮಾತಿಗೆ ಮಾತ್ರ. ಐಆರ್‌ಆರ್ ತೆಗೆಯುವಾಗ ಬಂದ ಹಣವನ್ನು ಎಲ್ಲಿಟ್ಟಿರಿ ಅಂತ ಯಾರೂ ಕೇಳುವುದಿಲ್ಲ. ಆ 7 ಲಕ್ಷವನ್ನು ಮನೆಯ ಕಪಾಟಿನಲ್ಲಿಟ್ಟರೂ ಎ ಯ ಐಆರ್‌ಆರ್ 18.17 ತಾನೇ? ಯಂತ್ರದೊಳಗೆ ಇನ್ನೂ ಉಳಿದಿರುವ ಹಣ ಎಷ್ಟು ದುಡಿಯಿತು ಅಂತ ಮಾತ್ರ ಅದು ಹೇಳುತ್ತದೆ. ಎ ಯಲ್ಲಿ ಮೊದಲ ವರ್ಷವೇ ದೊಡ್ಡ ಪಾಲು ಹೊರಗೆ ಬಂತು. ಆಮೇಲೆ ಶೇ. 18 ದುಡಿಯಲು ಒಳಗೆ ಉಳಿದ ಹಣವೇ ಕಡಿಮೆ. ಬಿ ಯಲ್ಲಿ ಹಣ ಹೆಚ್ಚು ಕಾಲ ಒಳಗಿದ್ದು ಶೇ. 17 ದುಡಿಯಿತು. ಕಡಿಮೆ ಹಣಕ್ಕೆ 18, ಹೆಚ್ಚು ಹಣಕ್ಕೆ 17. ಶೇಕಡಾ ನೋಡಿ ಇದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಕಂಪನಿಗೆ ನಿಜಕ್ಕೂ ಶೇ. 18 ಕೊಡುವ ಜಾಗ ಬೇಕಾದಷ್ಟು ಇದೆ ಅನ್ನಿ. ಆಗ ಬಂಡವಾಳದ ವೆಚ್ಚವನ್ನು ಶೇ. 10 ಅಂತ ಹಾಕಿದ್ದೇ ತಪ್ಪು. ಶೇ. 18 ಹಾಕಿ ಎನ್‌ಪಿವಿ ತೆಗೆಯಿರಿ. ಎ ಗೆ ಒಂದೆರಡು ಸಾವಿರ ಉಳಿಯುತ್ತದೆ, ಬಿ ನಷ್ಟಕ್ಕೆ ಇಳಿಯುತ್ತದೆ. ಎನ್‌ಪಿವಿಯೇ ಆಗ ಎ ಅನ್ನುತ್ತದೆ.

ಕುಮಟಾ_ಕಾಮರ್ಸ್
ನೀವು ಹೇಳೋದು ಅರ್ಥ ಆಗ್ತದೆ. ಆದರೆ ಇದೆಲ್ಲ ಮಾತಿನ ವ್ಯತ್ಯಾಸ ಅಂತಲೇ ನನಗೆ ಅನಿಸೋದು. ಎರಡು ಯಂತ್ರಗಳನ್ನು ಐಆರ್‌ಆರ್ ಮೇಲೆ ಹೋಲಿಸಿದ ಕ್ಷಣಕ್ಕೇ ಆ ಊಹೆ ಒಳಗೆ ಬಂದಾಯ್ತು. ಪತ್ರಿಕೆ ತಿದ್ದುವವರು ಹುಡುಕೋದೂ "ಮರುಹೂಡಿಕೆ" ಅನ್ನೋ ಪದವನ್ನೇ. ಪಲ್ಲವಿ, ಅದನ್ನು ಬಿಡಬೇಡ.

ಲೆಕ್ಕದ_ಮಾಸ್ತರು_ಕಾರವಾರ
ಬರೆಯಲಿ, ಬೇಡ ಅನ್ನುವುದಿಲ್ಲ. ಜೊತೆಗೆ 15.47ನ್ನೂ ಬರೆಯಲಿ. ತಿದ್ದುವವರು ಅಂಕಿ ಇರುವ ಕಾರಣಕ್ಕೆ ಅಂಕ ಕಡಿಮೆ ಮಾಡುವುದಿಲ್ಲ.

ಶೆಟ್ಟಿ_ಹೊನ್ನಾವರ
ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಇದ್ದವನು. ಐಆರ್‌ಆರನ್ನು ಇಷ್ಟು ತಳ್ಳಿಹಾಕಬೇಡಿ. "ಎನ್‌ಪಿವಿ 1.72 ಲಕ್ಷ" ಅಂದರೆ ಎದುರು ಕೂತವರಿಗೆ ಏನೂ ತಿಳಿಯೋದಿಲ್ಲ. "ನಮ್ಮ ಖರ್ಚು 10, ಬರೋದು 17" ಅಂದ ಕೂಡಲೇ ತಿಳೀತದೆ. ಅಲ್ಲದೆ ಶೇ. 10 ಅನ್ನೋದು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟದ್ದು. ಹೊರಗೆ ಅದನ್ನು ಕೊಡುವವರು ಯಾರು? ಅಂದಾಜು ತಪ್ಪಾದರೆ ನಿಮ್ಮ ಎನ್‌ಪಿವಿಯೂ ತಪ್ಪು.

ಲೆಕ್ಕದ_ಮಾಸ್ತರು_ಕಾರವಾರ
ಶೆಟ್ಟರೇ, ಆ ಮಾತು ಒಪ್ಪಿದೆ. ಅದಕ್ಕೇ 15.47 ಬೇಕು ಅನ್ನುವುದು. ಖರ್ಚು 10 ಇರಲಿ, 12 ಇರಲಿ, 14 ಇರಲಿ, ಬಿ ಯೇ ಮೇಲು. ಅಂದಾಜು ಐದು ಪಾಯಿಂಟ್ ತಪ್ಪಿದರೂ ತೀರ್ಮಾನ ಅಲುಗಾಡುವುದಿಲ್ಲ. ಶೇ. 16 ಆದರೆ ಎ ಗೆ ಸುಮಾರು 28,850, ಬಿ ಗೆ 24,130. ಆಗ ಎ ಮೇಲು, ಎರಡು ವಿಧಾನಕ್ಕೂ ಜಗಳವೇ ಇಲ್ಲ. ಖರ್ಚು 15, 16ರ ಆಸುಪಾಸು ಅಂತ ಅನುಮಾನ ಇದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಕು.

ತೋಟದಮನೆ
ಇವತ್ತು ಶಿರಸಿಯಲ್ಲಿ ಚಾಲಿ ಅಡಿಕೆ ರೇಟು ಯಾರಿಗಾದ್ರೂ ಗೊತ್ತಾ? ಈ ಲೆಕ್ಕ ನೋಡಿ ನನಗೆ ಕೊಟ್ಟುಬಿಡೋದಾ, ಇಟ್ಕೊಳ್ಳೋದಾ ಅಂತ ಯೋಚನೆ ಬಂತು.

ನಾಯ್ಕ_ಅಂಕೋಲಾ
ಮಾವ, ಅದಕ್ಕೆ ಬೇರೆ ಗುಂಪಿದೆ 😀

ಬೈತಖೋಲ್_ಬೋಟು
ನಾನು ಓದಿದ್ದು ಕಡಿಮೆ, ಆದ್ರೆ ಇದು ನಮ್ಮದೇ ಸಮಸ್ಯೆ. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗ ಬೋಟಿನ ಎಂಜಿನ್ ಕೆಲಸ ಮಾಡಿಸಬೇಕು. ಹಳೇದನ್ನು ರೀಕಂಡಿಷನ್ ಮಾಡಿದರೆ 2 ಲಕ್ಷ. ಡೀಸೆಲ್ ಉಳಿತಾಯ, ಕೆಟ್ಟು ನಿಲ್ಲೋದು ತಪ್ಪೋದು ಎಲ್ಲ ಸೇರಿ ವರ್ಷಕ್ಕೆ 1.20 ಲಕ್ಷ ಉಳೀತದೆ ಅಂದಾಜು. ಹೊಸ ಎಂಜಿನ್ ಆದ್ರೆ 6 ಲಕ್ಷ, ವರ್ಷಕ್ಕೆ 3 ಲಕ್ಷ ಉಳೀತದೆ. ಸದ್ಯಕ್ಕೆ ಮೂರು ವರ್ಷ ಅಂತ ಇಟ್ಕೊಳ್ಳಿ. ಮಗಳು ಮೊಬೈಲ್‌ನಲ್ಲಿ ನೋಡಿ ರೀಕಂಡಿಷನ್‌ಗೆ ಶೇ. 36, ಹೊಸದಕ್ಕೆ ಶೇ. 23 ಅಂತಾಳೆ. 36 ಎಲ್ಲಿ, 23 ಎಲ್ಲಿ. ಹಾಗಾದ್ರೆ ರೀಕಂಡಿಷನ್ ಅಲ್ವಾ?

ಶೆಟ್ಟಿ_ಹೊನ್ನಾವರ
ಹೌದು ಅನಿಸ್ತದೆ. ಅಷ್ಟು ದೊಡ್ಡ ಅಂತರ ಇದ್ದಮೇಲೆ ಮತ್ತೇನು.

ಪಲ್ಲವಿ_ಶಿರಸಿ
ಅಣ್ಣ, ನಾನು ಪ್ರಯತ್ನ ಮಾಡ್ತೀನಿ. ಹೊಸದರಿಂದ ರೀಕಂಡಿಷನ್ ಕಳೆದರೆ: ಇವತ್ತು 4 ಲಕ್ಷ ಜಾಸ್ತಿ ಹಾಕಬೇಕು, ಮೂರು ವರ್ಷವೂ 1.80 ಲಕ್ಷ ಜಾಸ್ತಿ ಬರ್ತದೆ. ಆ ಹೆಚ್ಚಿನ 4 ಲಕ್ಷದ ದರ ಸುಮಾರು ಶೇ. 16.6. ಹಾಗಾಗಿ ನಿಮಗೆ ಹಣ ಯಾವ ಬಡ್ಡಿಗೆ ಸಿಗ್ತದೆ ಅನ್ನೋದೇ ಮುಖ್ಯ. ಶೇ. 12 ಅಂದ್ರೆ ರೀಕಂಡಿಷನ್‌ಗೆ ಎನ್‌ಪಿವಿ 88 ಸಾವಿರ, ಹೊಸದಕ್ಕೆ 1.20 ಲಕ್ಷ. ಹೊಸದೇ ಮೇಲು. ಸರ್, ಸರಿ ಇದೆಯಾ?

ಲೆಕ್ಕದ_ಮಾಸ್ತರು_ಕಾರವಾರ
ಸರಿ ಇದೆ. ಮೊದಲಿನ ಲೆಕ್ಕದಲ್ಲಿ ಹಣ ಬರುವ ಕಾಲ ಬೇರೆ ಇತ್ತು, ಇಲ್ಲಿ ಹೂಡುವ ಮೊತ್ತವೇ ಬೇರೆ. ಉಪಾಯ ಒಂದೇ. ಶೆಟ್ಟರೇ, 36 ದುಡಿದದ್ದು 2 ಲಕ್ಷ ಮಾತ್ರ. ಉಳಿದ 4 ಲಕ್ಷ ಎಲ್ಲಿ ಏನು ದುಡಿಯುತ್ತಿತ್ತು ಅನ್ನುವುದು ಆ 36ರಲ್ಲಿ ಇಲ್ಲ.

ಬೈತಖೋಲ್_ಬೋಟು
ಅದೇ ತೊಂದರೆ. ಸೊಸೈಟಿಯಲ್ಲಿ 2 ಲಕ್ಷದ ತನಕ ಶೇ. 12ಕ್ಕೆ ಸಿಗ್ತದೆ. ಅದರ ಮೇಲೆ ಬೇಕಂದ್ರೆ ಖಾಸಗಿ ಫೈನಾನ್ಸ್, ಅವರು ಶೇ. 18 ತಗೊಳ್ತಾರೆ.

ಪಲ್ಲವಿ_ಶಿರಸಿ
ಅಯ್ಯೋ, ಹಾಗಾದ್ರೆ ಹೆಚ್ಚಿನ 4 ಲಕ್ಷ ಬರೋದು ಶೇ. 18ಕ್ಕೆ, ದುಡಿಯೋದು 16.6. ರೀಕಂಡಿಷನ್ ಮಾಡಿಸಿ ಅಣ್ಣ.

ಕುಮಟಾ_ಕಾಮರ್ಸ್
ಪುಸ್ತಕದಲ್ಲಿ ಒಂದೇ ದರ ಕೊಡ್ತಾರೆ, ಇಲ್ಲಿ ಎರಡು. ಹೊಸ ಎಂಜಿನ್‌ಗೆ ಪೂರ್ತಿ 6 ಲಕ್ಷಕ್ಕೂ ಸರಾಸರಿ ದರ ಹಾಕಿದರೆ ಶೇ. 16 ಬರ್ತದೆ. ಆಗ ಹೊಸದೇ ಗೆಲ್ಲಬೇಕಲ್ಲ?

ಲೆಕ್ಕದ_ಮಾಸ್ತರು_ಕಾರವಾರ
ಸರಾಸರಿ ಹಾಕಬೇಡಿ. ಮೊದಲ 2 ಲಕ್ಷದ ಶೇ. 12 ಎರಡು ಆಯ್ಕೆಗೂ ಇದ್ದೇ ಇದೆ. ಹೊಸದನ್ನು ಆರಿಸಿದ್ದರಿಂದ ಹೆಚ್ಚಾಗಿ ಬರುವ ಸಾಲ ಶೇ. 18ರದ್ದು. ಅದನ್ನೇ ಹೆಚ್ಚಿನ ಗಳಿಕೆಯ ಎದುರು ಇಡಬೇಕು. ಪಲ್ಲವಿ ಮಾಡಿದ್ದೇ ಸರಿ.

ಆದರೆ ಬೋಟಿನವರೇ, ಒಂದು ಪ್ರಶ್ನೆ. ಮೂರು ವರ್ಷ ಆದಮೇಲೆ ಎರಡು ಎಂಜಿನ್ನೂ ಸಮುದ್ರಕ್ಕೆ ಎಸೆಯುತ್ತೀರಾ?

ಬೈತಖೋಲ್_ಬೋಟು
ಹೇ ಇಲ್ಲ ಮಾಸ್ತರೇ. ರೀಕಂಡಿಷನ್ ಮಾಡಿದ್ದು ಮೂರು ವರ್ಷ ಓಡಿದರೆ ದೊಡ್ಡದು. ಹೊಸದು ಆಮೇಲೂ ಓಡ್ತದೆ.

ಲೆಕ್ಕದ_ಮಾಸ್ತರು_ಕಾರವಾರ
ಹಾಗಾದರೆ ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ. ಶೇ. 18ರಲ್ಲಿ ರೀಕಂಡಿಷನ್ ಗೆದ್ದದ್ದು ಎಷ್ಟರಿಂದ ನೋಡಿ: ಎನ್‌ಪಿವಿ 60,900 ಮತ್ತು 52,300. ಅಂತರ ಸುಮಾರು 8,600. ಇದು ಇವತ್ತಿನ ಹಣ. ಮೂರು ವರ್ಷದ ನಂತರಕ್ಕೆ ಒಯ್ದರೆ ಸುಮಾರು 14,200. ಹೊಸ ಎಂಜಿನ್ನಿಗೆ ಆಗ 14,200 ರೂಪಾಯಿ ಬೆಲೆ ಉಳಿದಿದ್ದರೂ ಸಾಕು, ಲೆಕ್ಕ ಸಮ ಸಮ. ಅದಕ್ಕಿಂತ ಜಾಸ್ತಿ ಉಳಿದರೆ ಶೇ. 18ರ ಸಾಲದಲ್ಲೂ ಹೊಸದೇ ಮೇಲು.

ಬೈತಖೋಲ್_ಬೋಟು
14 ಸಾವಿರವಾ? ಗುಜರಿಯವನೇ ಅದಕ್ಕಿಂತ ಜಾಸ್ತಿ ಕೊಡ್ತಾನೆ ಮಾರಾಯ್ರೇ!

ಶೆಟ್ಟಿ_ಹೊನ್ನಾವರ
ಸ್ವಲ್ಪ ತಡೆಯಿರಿ. ವರ್ಷಕ್ಕೆ 3 ಲಕ್ಷ ಉಳೀತದೆ ಅನ್ನೋದೂ ಅಂದಾಜೇ. ಮೀನು ಸರಿ ಬೀಳದ ವರ್ಷ ಬೋಟು ದಡದಲ್ಲೇ ನಿಂತರೆ ಡೀಸೆಲ್ ಉಳಿತಾಯ ಎಲ್ಲಿಂದ? ಕಂತು ಮಾತ್ರ ನಿಲ್ಲೋದಿಲ್ಲ. 2 ಲಕ್ಷದ ಸಾಲ ಹೊರಬಹುದು, 6 ಲಕ್ಷದ್ದು ಬೇರೆ ಮಾತು. ಇದನ್ನು ನಿಮ್ಮ ಎನ್‌ಪಿವಿ ಎಲ್ಲಿ ತೋರಿಸ್ತದೆ?

ಲೆಕ್ಕದ_ಮಾಸ್ತರು_ಕಾರವಾರ
ಅಂಕಿ ಕೊಟ್ಟರೆ ತೋರಿಸುತ್ತದೆ. ಉಳಿತಾಯ ವರ್ಷಕ್ಕೆ 3ರ ಬದಲು 2.75 ಲಕ್ಷ ಅಂತ ಹಾಕಿ. ಶೇ. 18ರಲ್ಲಿ ಹೊಸ ಎಂಜಿನ್ನಿನ ಎನ್‌ಪಿವಿ ಸೊನ್ನೆಯ ಹತ್ತಿರ ಬಂತು, ಗುಜರಿ ಬೆಲೆ ಬಿಟ್ಟು. ಮೀನು ಬೀಳದಿದ್ದರೆ ರೀಕಂಡಿಷನ್ನಿನ 1.20 ಕೂಡ ಇಳಿಯುತ್ತದೆ, ಅದನ್ನೂ ಮರೆಯಬೇಡಿ. ಆದರೆ ಕಂತು ಕಟ್ಟಲಾಗದೆ ಬೋಟೇ ಕೈತಪ್ಪುವ ಭಯಕ್ಕೆ ಎಷ್ಟು ರೂಪಾಯಿ ಅಂತ ಹಾಕುವುದು, ಅದು ಬೋಟಿನವರೇ ಹೇಳಬೇಕು.

ಕುಮಟಾ_ಕಾಮರ್ಸ್
ಆಯುಷ್ಯ ಬೇರೆ ಬೇರೆ ಇದ್ದಾಗ ಗುಜರಿ ಬೆಲೆ ಹಾಕೋದು ಒಂದು ದಾರಿ. ರೀಕಂಡಿಷನ್‌ನೇ ಮತ್ತೆ ಮತ್ತೆ ಮಾಡಿಸಿದ ಹಾಗೆ ಲೆಕ್ಕ ಹಾಕೋದು ಇನ್ನೊಂದು. ನಮಗೆ ಹೇಳಿದ್ದು ಎರಡನೆಯದು.

ಬೈತಖೋಲ್_ಬೋಟು
ಅದೇ ಎಂಜಿನ್ನಿಗೆ ಎರಡನೇ ಸಲ ರೀಕಂಡಿಷನ್ ಮಾಡಿಸಿದರೆ ಮೊದಲಿನ ಹಾಗೆ ಓಡೋದಿಲ್ಲ. ನಮ್ಮ ಮೆಕ್ಯಾನಿಕ್ ಕೈಯೇ ಹಾಕೋದಿಲ್ಲ.

ಲೆಕ್ಕದ_ಮಾಸ್ತರು_ಕಾರವಾರ
ಹಾಗಾದರೆ ಕುಮಟಾದವರ ದಾರಿ ಇಲ್ಲಿ ನಡೆಯುವುದಿಲ್ಲ. ಗುಜರಿಯವನನ್ನು ಕೇಳಿ ಬನ್ನಿ. ಮೂರು ವರ್ಷ ಉಪ್ಪುನೀರು ಕಂಡ ಎಂಜಿನ್ನಿಗೆ ಏನು ಕೊಡುತ್ತಾನೆ ಅಂತ. ನೂರಿನ್ನೂರು ಆಚೀಚೆ ಆದರೆ ಪರವಾಗಿಲ್ಲ.

ಪಲ್ಲವಿ_ಶಿರಸಿ
ಸರ್, ಪರೀಕ್ಷೆಗೆ ಕೊನೇ ಪ್ರಶ್ನೆ. ಮೊದಲ ಲೆಕ್ಕದಲ್ಲಿ ನನಗೆ 18.15, ಕಂಪ್ಯೂಟರಿನಲ್ಲಿ 18.17. ಯಾವುದು ಬರೆಯಲಿ?

ಲೆಕ್ಕದ_ಮಾಸ್ತರು_ಕಾರವಾರ
18.15. ಶೇ. 18ಕ್ಕೆ 10,01,900, ಶೇ. 19ಕ್ಕೆ 9,89,000 ಅಂತ ಎರಡು ಸಾಲು ತೋರಿಸು. ಪಕ್ಕದಲ್ಲಿ "ಸುಮಾರು" ಅಂತ ಹಾಕು. ಎರಡು ದರಗಳ ನಡುವೆ ಗೆರೆ ನೇರ ಅಂತ ತಿಳಿದು ಮಾಡಿದ ಲೆಕ್ಕ ಅದು, ನಿಜದ ಗೆರೆ ಸ್ವಲ್ಪ ಬಾಗಿರುತ್ತದೆ. ಟೇಬಲ್‌ನ ಮೂರು ದಶಮಾಂಶದ ಪಾಲೂ ಇದೆ. 10 ಮತ್ತು 20ರಂತೆ ದೂರದ ದರ ಹಿಡಿದು ಮಾಡಬೇಡ, ಆಗ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟು ಆಗುತ್ತದೆ.

ಅಘನಾಶಿನಿ_88
ನಾನು 10 ಮತ್ತು 20 ಹಿಡಿದೇ ಮಾಡಿದ್ದು. ಎ ಗೆ 18.4 ಬಂತು. ಈಗ ಗೊತ್ತಾಯ್ತು.

ತೋಟದಮನೆ
ಚಾಲಿ ರೇಟು ಯಾರೂ ಹೇಳಲೇ ಇಲ್ಲ.